ಬೀಟ್‌ರೂಟ್ ಕೆಂಪಗಿದೆ, ಅಷ್ಟೇ

ಹೋದ ವರ್ಷ ಮಳೆಗಾಲದಲ್ಲಿ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಿದ್ದರು. ಮಗಳು ಸೆಕೆಂಡ್ ಪಿಯುಸಿ. ಹಿಮೋಗ್ಲೋಬಿನ್ 9.2. ಈ ವಯಸ್ಸಿಗೆ 12 ಆದರೂ ಇರಬೇಕು. ತಾಯಿ ಕೂತವರೇ ಪರ್ಸಿನಿಂದ ಚೀಟಿ ತೆಗೆದರು. ಬೆಳಿಗ್ಗೆ ಬೀಟ್‌ರೂಟ್ ಜ್ಯೂಸ್. ಆಮೇಲೆ ಹಾಲು, ಬೆಲ್ಲ ಹಾಕಿದ ರಾಗಿ ಮಾಲ್ಟ್. ನಾಲ್ಕು ಖರ್ಜೂರ. ಸಂಜೆ ದಾಳಿಂಬೆ. "ಇಷ್ಟೆಲ್ಲಾ ಕೊಡ್ತೀನಿ ಮೇಡಂ, ರಕ್ತ ಮಾತ್ರ ಏರ್ತಾನೇ ಇಲ್ಲ" ಅಂದರು.

ಈ ಚೀಟಿಯನ್ನು ನಾನು ನೂರು ಸಲ ನೋಡಿದ್ದೇನೆ. ಅಕ್ಷರ ಬೇರೆ, ಪಟ್ಟಿ ಅದೇ. ಕೆಂಪಗಿರುವುದೆಲ್ಲ ರಕ್ತ ಆಗುತ್ತೆ ಅನ್ನೋ ನಂಬಿಕೆ. ನೂರು ಗ್ರಾಂ ಬೀಟ್‌ರೂಟಿನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇರುವುದಿಲ್ಲ. ದಾಳಿಂಬೆಯಲ್ಲಿ ಅದಕ್ಕಿಂತ ಕಡಿಮೆ. ತಿನ್ನಿ, ಒಳ್ಳೆಯದೇ. ಆದರೆ ಲೆಕ್ಕಕ್ಕೆ ಹಿಡಿಯಬೇಡಿ. ನಮ್ಮ ಮಂಕಾದ ಹುರಳಿಕಾಳಿನಲ್ಲಿ ಬೀಟ್‌ರೂಟಿನ ಎಂಟು, ಹತ್ತು ಪಟ್ಟು ಇದೆ. ಅದಕ್ಕೆ ಬಣ್ಣ ಇಲ್ಲ, ಪಾಪ.

ಆದರೆ ನನಗೆ ಸಿಟ್ಟು ಬರಿಸುವುದು ಬೀಟ್‌ರೂಟ್ ಅಲ್ಲ. ಚೀಟಿಯಲ್ಲಿ ಬರೆಯದೇ ಬಿಟ್ಟದ್ದು. "ಕಾಫಿ ಕುಡೀತಾಳಾ?" ಅಂತ ಕೇಳಿದೆ. "ಅಯ್ಯೋ, ಅದು ಎಲ್ಲರ ಹಾಗೆ. ತಿಂಡಿ ಆದ ತಕ್ಷಣ ಒಂದು ಲೋಟ, ಸಂಜೆ ಒಂದು ಲೋಟ." ಡಾಕ್ಟರು ಕೊಟ್ಟಿದ್ದ ಕಬ್ಬಿಣದ ಮಾತ್ರೆ? "ಉಷ್ಣ ಅಲ್ವಾ, ಅದಕ್ಕೆ ಹಾಲಿನ ಜೊತೆ ಕೊಡ್ತೀನಿ." ಮೂರು ತಿಂಗಳು ಹೀಗೇ ನಡೆದಿತ್ತು. ಶುರುವಿನಲ್ಲಿ 9 ಇದ್ದದ್ದು ಈಗ 9.2.

ಸ್ವಲ್ಪ ಲೆಕ್ಕ ಹೇಳುತ್ತೇನೆ. ಸಾಮಾನ್ಯವಾಗಿ ಒಂದು ಮುಟ್ಟಿನಲ್ಲಿ 30ರಿಂದ 40 ಮಿಲಿ ರಕ್ತ ಹೋಗುತ್ತದೆ. 40 ಮಿಲಿಯ ಜೊತೆ ಹೊರಗೆ ಹೋಗುವ ಕಬ್ಬಿಣ ಸುಮಾರು 16ರಿಂದ 20 ಮಿಲಿಗ್ರಾಂ. ತಿಂಗಳಿಗೆ ಹಂಚಿದರೆ ದಿನಕ್ಕೆ ಅರ್ಧ ಮಿಲಿಗ್ರಾಂ ಚಿಲ್ಲರೆ. ಇಷ್ಟೇನಾ ಅನ್ನಿಸುತ್ತೆ. ಆದರೆ ಧಾನ್ಯ, ಕಾಳು, ಸೊಪ್ಪಿನ ಕಬ್ಬಿಣದಲ್ಲಿ ನೂರಕ್ಕೆ ಐದೋ ಎಂಟೋ ಭಾಗ ಮಾತ್ರ ಮೈಗೆ ಹತ್ತುತ್ತದೆ. ಹಾಗಾಗಿ ಈ ಅರ್ಧ ಮಿಲಿಗ್ರಾಂ ತುಂಬಲು ತಟ್ಟೆಯಲ್ಲಿ ಏಳೆಂಟು ಮಿಲಿಗ್ರಾಂ ಜಾಸ್ತಿ ಬೇಕು. ಐಸಿಎಂಆರ್ 2020ರಲ್ಲಿ 16ರಿಂದ 18 ವರ್ಷದ ಹುಡುಗಿಯರಿಗೆ ದಿನಕ್ಕೆ 32 ಮಿಲಿಗ್ರಾಂ ಅಂತ ಹೇಳಿದ್ದು ಇದನ್ನೆಲ್ಲ ಸೇರಿಸಿಯೇ.

ಈ ಐದು, ಎಂಟು ಅನ್ನೋ ಅಂಕಿ ಇದೆಯಲ್ಲ, ಅದನ್ನು ಹೆಚ್ಚು ಕಡಿಮೆ ಮಾಡುವುದು ನಿಮ್ಮ ಕೈಲಿದೆ. ಊಟದ ಜೊತೆ ಏನು ಹೋಗುತ್ತೆ ಅನ್ನುವುದರ ಮೇಲೆ ಅದು ನಿಂತಿದೆ. ಕಾಫಿ, ಟೀಯಲ್ಲಿರುವ ಒಗರು ಅಂಶ ಹೊಟ್ಟೆಯಲ್ಲಿ ಕಬ್ಬಿಣವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಹಿಡಿದದ್ದು ಕರುಳಿಗೆ ಸಿಗುವುದಿಲ್ಲ, ಹಾಗೇ ಹೊರಗೆ ಹೋಗುತ್ತದೆ. ಇಲ್ಲೇ ಎಲ್ಲರೂ ಎಡವುವುದು. "ಊಟದ ಜೊತೆ ಕುಡಿಯಲ್ಲ ಮೇಡಂ, ಆಮೇಲೆ ಕುಡೀತೀವಿ" ಅನ್ನುತ್ತಾರೆ. ಆಮೇಲೆ ಕುಡಿದರೂ ಅಷ್ಟೇ! ತಿಂದದ್ದು ಇನ್ನೂ ಹೊಟ್ಟೆಯಲ್ಲೇ ಇರುತ್ತದಲ್ಲ. ಕಾಫಿಯ ಮೇಲೆ ಹಿಂದೆ ನಡೆದ ಒಂದು ಪರೀಕ್ಷೆಯಲ್ಲಿ ಊಟಕ್ಕೆ ಒಂದು ಗಂಟೆ ಮೊದಲು ಕುಡಿದವರಿಗೆ ನಷ್ಟ ಆಗಲಿಲ್ಲ. ಒಂದು ಗಂಟೆ ನಂತರ ಕುಡಿದವರಿಗೆ, ಊಟದ ಜೊತೆಗೇ ಕುಡಿದಷ್ಟು ನಷ್ಟ ಆಯಿತು. ಅದಕ್ಕೆ ನಾನು ಹೇಳುವುದು ಇಷ್ಟು: ತಿಂಡಿಗೆ ಒಂದು ಗಂಟೆ ಮುಂಚೆ ಕುಡೀರಿ, ಇಲ್ಲವೇ ತಿಂದು ಎರಡು ಗಂಟೆ ಬಿಟ್ಟು ಕುಡೀರಿ. ಕಾಫಿ ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ನಾನೇ ಬಿಟ್ಟಿಲ್ಲ.

ಹಾಲಿನ ಸುಣ್ಣದ ಅಂಶವೂ ಅಡ್ಡ ಬರುತ್ತದೆ, ಕಾಫಿಯಷ್ಟು ಅಲ್ಲ. ಬೆಳೆಯುವ ಹುಡುಗಿಗೆ ಹಾಲು ಬೇಕು, ಬಿಡಿಸಬೇಡಿ. ಮೊಸರನ್ನ ಬೇಡ ಅಂದರಂತೂ ಮನೆಯವರು ಮುಂದಿನ ಸಲ ಬರುವುದೇ ಇಲ್ಲ. ದಿನದಲ್ಲಿ ಒಂದು ಊಟವನ್ನು ಕಬ್ಬಿಣಕ್ಕೆ ಮೀಸಲಿಡಿ, ಅದರಲ್ಲಿ ಹಾಲು, ಮೊಸರು, ಕಾಫಿ ಬೇಡ. ಅಷ್ಟು ಸಾಕು.

ಈ ಹುಡುಗಿಗೆ ಆ ಒಂದು ಊಟ ರಾತ್ರಿಯದ್ದು ಅಂತ ಮಾಡಿದೆವು. ಮುದ್ದೆ, ಹುರಳಿಕಾಳು ಹರಿವೆ ಸೊಪ್ಪಿನ ಬಸ್ಸಾರು. ಇಲ್ಲೂ ಒಂದು ತಮಾಷೆ. ಅವಳು ಸಾರು ಮಾತ್ರ ಸುರಿದುಕೊಂಡು, ಬಸಿದ ಸೊಪ್ಪು ಕಾಳಿನ ಪಲ್ಯವನ್ನು ತಮ್ಮನ ತಟ್ಟೆಗೆ ತಳ್ಳುತ್ತಿದ್ದಳು. ಕಬ್ಬಿಣ ಬಹುಪಾಲು ಉಳಿಯುವುದು ಆ ಪಲ್ಯದಲ್ಲೇ. ಪಲ್ಯ ಒಂದು ದೊಡ್ಡ ಬಟ್ಟಲು, ಒಲೆಯಿಂದ ಇಳಿಸಿದ ಮೇಲೆ ಅದಕ್ಕೆ ಅರ್ಧ ಹೋಳು ನಿಂಬೆಹಣ್ಣು. ಕುದಿಯುವಾಗ ಹಿಂಡಿದರೆ ಸಿ ಜೀವಸತ್ವ ಹಾಳಾಗುತ್ತದೆ. ಈ ಹುಳಿ ಕಾಫಿಗೆ ತದ್ವಿರುದ್ಧ ಕೆಲಸ ಮಾಡುತ್ತದೆ, ಕಬ್ಬಿಣ ಕರಗಿ ಮೈಗೆ ಸೇರುವ ಹಾಗೆ ನೋಡಿಕೊಳ್ಳುತ್ತದೆ. ಸೀಬೆಹಣ್ಣು ಇನ್ನೂ ಒಳ್ಳೆಯದು. ಹುಡುಗ ಹುಡುಗಿಯರಿಗೆ ಅನ್ನದ ಊಟದ ಜೊತೆ ಸೀಬೆ ಕೊಟ್ಟು ನೋಡಿದಾಗ ಹೀರಿಕೊಂಡ ಕಬ್ಬಿಣ ಎರಡು ಪಟ್ಟು ದಾಟಿತ್ತು. ಆದರೆ ಊಟದ ಜೊತೆಗೇ ತಿನ್ನಬೇಕು. ಸಂಜೆ ನಾಲ್ಕಕ್ಕೆ ತಿಂದ ಸೀಬೆ ರಾತ್ರಿ ಒಂಬತ್ತರ ಬಸ್ಸಾರಿಗೆ ಪ್ರಯೋಜನ ಇಲ್ಲ.

ಹಾಲಿನ ಮಾಲ್ಟ್ ಸಂಜೆಗೆ ಹೋಯಿತು. ಬೆಳಗಿನ ಕಾಫಿ ಐದೂವರೆಗೆ, ಓದಲು ಏಳುವಾಗ. ತಿಂಡಿ ಏಳಕ್ಕೆ, ಅವಲಕ್ಕಿಯೋ ಚಿತ್ರಾನ್ನವೋ, ಮೇಲೆ ನಿಂಬೆ. ಬೀಟ್‌ರೂಟ್ ಜ್ಯೂಸಿಗೆ ರಜೆ. ಅದನ್ನು ಕೇಳಿ ಹುಡುಗಿ ಮೊದಲ ಸಲ ನಕ್ಕಳು.

ಒಂದು ಮಾತು ಸ್ಪಷ್ಟವಾಗಿರಲಿ. 9.2 ಇರುವಾಗ ಬರೀ ಊಟದಿಂದ ಏರಿಸುತ್ತೇನೆ ಅಂತ ಹೊರಟರೆ ಅದು ಹಠ. ಮಾತ್ರೆ ಬೇಕೇ ಬೇಕು, ಎಷ್ಟು ಅನ್ನುವುದನ್ನು ಡಾಕ್ಟರು ಹೇಳಬೇಕು. ಮಾತ್ರೆಯನ್ನು ನೀರಿನ ಜೊತೆ ಇಲ್ಲವೇ ನಿಂಬೆ ಪಾನಕದ ಜೊತೆ ನುಂಗಿ. ಮಲ ಕಪ್ಪಗಾಗುತ್ತೆ, ಹೆದರಬೇಡಿ. ಹೊಟ್ಟೆ ತೊಳಸಿದರೆ ಸುಮ್ನೆ ನಿಲ್ಲಿಸದೆ ಡಾಕ್ಟರನ್ನು ಕೇಳಿ, ಊಟದ ನಂತರ ಅಥವಾ ದಿನ ಬಿಟ್ಟು ದಿನ ಕೊಡುವುದೂ ಉಂಟು. ರಕ್ತ ಏರಿದ ಮೇಲೂ ಕೂಡಿಡುವ ಭಾಗ ತುಂಬಲು ಸುಮಾರು ಮೂರು ತಿಂಗಳು ಮುಂದುವರಿಸಬೇಕಾಗುತ್ತದೆ. ಎಲ್ಲರೂ ಮಾತ್ರೆ ಬಿಡುವುದು ಅಲ್ಲೇ.

ತಾಯಿ ಹೊರಗೆ ಫೀಸು ಕಟ್ಟಲು ಹೋದಾಗ ಹುಡುಗಿಯನ್ನು ಕೇಳಿದೆ, "ಬಳಪ ತಿಂತೀಯಾ?" ಗಾಬರಿಯಾದಳು. ಪೆನ್ಸಿಲ್ ಬಾಕ್ಸಿನಲ್ಲಿ ಮೂರು ತುಂಡು ಇತ್ತು. ಬಳಪ, ಹಸಿ ಅಕ್ಕಿ, ಮಣ್ಣು ತಿನ್ನಬೇಕು ಅನ್ನಿಸುವುದು ಕೆಟ್ಟ ಚಾಳಿ ಅಂತ ಬೈಸಿಕೊಳ್ಳುವ ಹುಡುಗಿಯರು ತುಂಬ. ಎಷ್ಟೋ ಸಲ ಅದು ಕಬ್ಬಿಣದ ಕೊರತೆಯ ಗುರುತು. ಕೊರತೆ ತುಂಬಿದರೆ ಆಸೆ ತಾನಾಗಿ ಹೋಗುತ್ತದೆ.

ಆಮೇಲೆ ಕೇಳಿದೆ, ಎಷ್ಟು ದಿನ ಹೋಗುತ್ತೆ? "ಎಂಟು ದಿನ. ಅಮ್ಮನಿಗೂ ಹಾಗೇ ಅಂತೆ." ಒಂದೆರಡು ಗಂಟೆಗೆ ಪ್ಯಾಡ್ ತುಂಬಿ ಬದಲಿಸಬೇಕಾಗುವುದು, ದೊಡ್ಡ ದೊಡ್ಡ ಹೆಪ್ಪು, ಏಳು ದಿನ ದಾಟುವುದು, ಇದ್ಯಾವುದೂ ಮನೆತನದ ರೂಢಿ ಅಂತ ಬಿಡುವಂಥದ್ದಲ್ಲ. ಆ ದಿನವೇ ಸ್ತ್ರೀರೋಗ ತಜ್ಞರಿಗೆ ಚೀಟಿ ಬರೆದೆ. ರಕ್ತ ಹೋಗುವ ಕಡೆ ಬಿಗಿ ಮಾಡದೆ ನನ್ನ ಹುರಳಿಕಾಳು ಏನು ಮಾಡೀತು?

ಆರು ವಾರದ ನಂತರ 11.1 ಬಂತು. ತಾಯಿ ಫೋನ್ ಮಾಡಿ ಮೊದಲು ಅಂಕಿ ಹೇಳಿದರು. ಆಮೇಲೆ ಸ್ವಲ್ಪ ತಡೆದು ಕೇಳಿದರು, "ಮೇಡಂ, ನನಗೂ ಒಂದು ಸಲ ಟೆಸ್ಟ್ ಮಾಡಿಸ್ಲಾ?"