ಯಾವುದು ಮೊದಲು, ಯಾವುದು ಆಮೇಲೆ: ಲಾಜಿಕಲ್ ಕ್ಲಾಕ್ ಟಿಪ್ಪಣಿ

ಬೇರೆ ಬೇರೆ ಮಶೀನ್‌ಗಳಲ್ಲಿ ನಡೆದ ಎರಡು ಘಟನೆಗಳಲ್ಲಿ ಯಾವುದು ಮೊದಲು ಆಯಿತು? ಎರಡರ ಟೈಮ್‌ಸ್ಟ್ಯಾಂಪ್ ನೋಡಿ ಚಿಕ್ಕದನ್ನು ಮೊದಲು ಇಟ್ಟರೆ ಆಯ್ತು ಅನ್ನಿಸುತ್ತದೆ, ಅಲ್ವಾ? ಅದು ಯಾಕೆ ಸಾಲದು, ಗಂಟೆಯ ಬದಲು ಘಟನೆಗಳ ಕ್ರಮವನ್ನೇ ಎಣಿಸುವ ಲಾಜಿಕಲ್ ಕ್ಲಾಕ್ ಹೇಗೆ ನೆರವಾಗುತ್ತದೆ ಎಂದು ಒಂದೇ ಉದಾಹರಣೆ ಇಟ್ಟುಕೊಂಡು ನೋಡೋಣ. ಕೊನೆಯವರೆಗೂ ಅದೇ ಉದಾಹರಣೆ ನಮ್ಮ ಜೊತೆಗಿರುತ್ತದೆ.

A, B, C ಎಂಬ ಮೂರು ಸರ್ವರ್‌ಗಳಿವೆ. ಮೂರರಲ್ಲೂ ಗ್ರಾಹಕರ ವಿಳಾಸದ ಒಂದೊಂದು ಪ್ರತಿ ಇದೆ. ಒಬ್ಬ ಗ್ರಾಹಕರು A ಸರ್ವರ್‌ನಲ್ಲಿ ತಮ್ಮ ವಿಳಾಸವನ್ನು "ಬಸವನಗುಡಿ, 56004" ಎಂದು ಬರೆದರು. ಪಿನ್‌ಕೋಡ್‌ನಲ್ಲಿ ಒಂದು ಸೊನ್ನೆ ಬಿಟ್ಟುಹೋಗಿದೆ. A ಈ ವಿಳಾಸವನ್ನು B ಗೆ ಕಳಿಸಿತು. B ನಲ್ಲಿರುವ ತಿದ್ದುವ ಪ್ರೋಗ್ರಾಂ ಬಡಾವಣೆಯ ಹೆಸರು ನೋಡಿ ಪಿನ್‌ಕೋಡನ್ನು 560004 ಎಂದು ಸರಿಮಾಡಿತು.

ಈಗ B ಯ ಗಡಿಯಾರ 200 ಮಿಲಿಸೆಕೆಂಡ್ ಹಿಂದಿದೆ ಎಂದುಕೊಳ್ಳಿ. A ಬರೆದದ್ದು 10:00:00.300 ಕ್ಕೆ. ಮೆಸೇಜ್ ಹೋಗಲು 5 ಮಿಲಿಸೆಕೆಂಡ್, ತಿದ್ದಲು 20 ಮಿಲಿಸೆಕೆಂಡ್. ನಿಜವಾದ ಸಮಯ .325 ಆಗಿದ್ದರೂ B ತನ್ನ ತಿದ್ದುಪಡಿಗೆ ಹಾಕುವ ಸಮಯ 10:00:00.125. "ಕೊನೆಗೆ ಬರೆದದ್ದೇ ಉಳಿಯಲಿ" ಎಂಬ ನಿಯಮದ ಡೇಟಾಬೇಸ್ ಆದರೆ .300 ದೊಡ್ಡದು ಎಂದು ತಪ್ಪು ಪಿನ್‌ಕೋಡನ್ನೇ ಇಟ್ಟುಕೊಳ್ಳುತ್ತದೆ. ತಿದ್ದಿದ್ದು ಸುಮ್ನೆ ಮಾಯ. ಯಾವ ಎರರ್ ಕೂಡ ಬರುವುದಿಲ್ಲ.

200 ಮಿಲಿಸೆಕೆಂಡ್ ಅಷ್ಟೇನೂ ಅಪರೂಪವಲ್ಲ. ಕಂಪ್ಯೂಟರಿನೊಳಗಿನ ಸ್ಫಟಿಕದ ಗಡಿಯಾರ ಹತ್ತು ಲಕ್ಷ ಸೆಕೆಂಡಿಗೆ 50 ಸೆಕೆಂಡ್ ತಪ್ಪಿದರೂ ದಿನಕ್ಕೆ 4.3 ಸೆಕೆಂಡ್ ವ್ಯತ್ಯಾಸ ಬರುತ್ತದೆ. ನೆಟ್‌ವರ್ಕ್ ಮೂಲಕ ಗಡಿಯಾರಗಳನ್ನು ಹೊಂದಿಸುವ NTP ಅದನ್ನು ಸರಿಪಡಿಸುತ್ತಲೇ ಇರುತ್ತದೆ, ಆದರೆ ಪೂರ್ತಿ ಅಳಿಸಲು ಆಗುವುದಿಲ್ಲ. ಕೆಲವೊಮ್ಮೆ ಗಡಿಯಾರವನ್ನೇ ಹಿಂದಕ್ಕೆ ತಿರುಗಿಸುತ್ತದೆ. ನಿಮ್ಮ ವ್ಯವಸ್ಥೆಯಲ್ಲಿ ಈ ತೊಂದರೆ ಇದೆಯೇ ಎಂದು ತಿಳಿಯಲು ಎರಡು ಮಶೀನ್‌ಗಳ ಲಾಗ್ ಸೇರಿಸಿ ನೋಡಿ. ಮೆಸೇಜ್ ಕಳಿಸುವ ಮೊದಲೇ ತಲುಪಿದ ಹಾಗೆ ಕಂಡರೆ ಗಡಿಯಾರ ಕೈಕೊಟ್ಟಿದೆ ಎಂದರ್ಥ.

ಗಡಿಯಾರ ಬಿಟ್ಟು ಯೋಚಿಸಿದರೆ

ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ 1978 ರಲ್ಲಿ ಪ್ರಕಟಿಸಿದ ಪ್ರಬಂಧ ಈ ಪ್ರಶ್ನೆಯನ್ನೇ ಬದಲಿಸಿತು. ಒಂದು ಘಟನೆ ಎಷ್ಟು ಗಂಟೆಗೆ ಆಯಿತು ಎಂದು ಕೇಳುವುದು ಬೇಡ, ಅದರ ಸುದ್ದಿ ಇನ್ನೊಂದನ್ನು ತಲುಪಿರಲು ಸಾಧ್ಯವೇ ಎಂದು ಕೇಳೋಣ. ಹ್ಯಾಪನ್ಡ್-ಬಿಫೋರ್ ಸಂಬಂಧ ಅಂದರೆ ಇದೇ. ಬರೆಯುವುದು a → b ಎಂದು.

ಇದಕ್ಕೆ ಮೂರು ದಾರಿಗಳಷ್ಟೇ ಇವೆ. ಒಂದೇ ಮಶೀನ್‌ನಲ್ಲಿ a ಆದಮೇಲೆ b ಆಗಿದ್ದರೆ a → b. ಒಂದು ಮೆಸೇಜ್ ಕಳಿಸಿದ್ದು a, ಅದೇ ಮೆಸೇಜ್ ತಲುಪಿದ್ದು b ಆದರೆ a → b. ಇನ್ನು a → b ಮತ್ತು b → c ಆಗಿದ್ದರೆ a → c. ಈ ಮೂರರಿಂದ a ಯಿಂದ b ಗೂ ದಾರಿ ಸಿಗದೆ, b ಯಿಂದ a ಗೂ ಸಿಗದಿದ್ದರೆ ಅವೆರಡೂ ಕನ್ಕರೆಂಟ್. ಕನ್ಕರೆಂಟ್ ಅಂದರೆ ಎರಡೂ ಒಂದೇ ಕ್ಷಣಕ್ಕೆ ನಡೆದವು ಎಂದಲ್ಲ. ಒಂದು ಗಂಟೆ ಅಂತರವಿದ್ದರೂ ಒಂದರ ಸುದ್ದಿ ಇನ್ನೊಂದಕ್ಕೆ ತಲುಪಿಲ್ಲ ಎಂದಾದರೆ ಅವು ಕನ್ಕರೆಂಟೇ.

ನಮ್ಮ ಕಥೆಯನ್ನು ಸ್ವಲ್ಪ ಬೆಳೆಸೋಣ. ವಿಳಾಸ B ಗೆ ಹೋದಮೇಲೆ ಅದೇ ಗ್ರಾಹಕರು A ನಲ್ಲಿ ವಿಳಾಸವನ್ನೇ ಬದಲಿಸಿ "ಜಯನಗರ, 560011" ಎಂದು ಬರೆದರು. ಅತ್ತ B ತಾನು ತಿದ್ದಿದ ಬಸವನಗುಡಿ ವಿಳಾಸವನ್ನು C ಗೆ ಕಳಿಸಿತು. ಘಟನೆಗಳಿಗೆ ಹೆಸರಿಡೋಣ. A ನಲ್ಲಿ a1 ಮೊದಲು ಬರೆದದ್ದು, a2 ಕಳಿಸಿದ್ದು, a3 ಜಯನಗರ ಎಂದು ಬದಲಿಸಿದ್ದು. B ನಲ್ಲಿ b1 ಬೇರೇನೋ ಕೆಲಸ, b2 ಮೆಸೇಜ್ ತಲುಪಿದ್ದು, b3 ಪಿನ್‌ಕೋಡ್ ತಿದ್ದಿದ್ದು, b4 C ಗೆ ಕಳಿಸಿದ್ದು. C ನಲ್ಲಿ c1 ಬೇರೇನೋ ಕೆಲಸ, c2 ಮೆಸೇಜ್ ತಲುಪಿದ್ದು.

a1 → a2 → b2 → b3, ಆದ್ದರಿಂದ a1 → b3. ತಿದ್ದುಪಡಿ ಮೂಲ ವಿಳಾಸವನ್ನು ನೋಡಿಯೇ ಆದದ್ದು ಎಂದು ಇಲ್ಲಿ ಸ್ಪಷ್ಟ. ಆದರೆ a3 ಮತ್ತು b3 ನಡುವೆ ಯಾವ ದಾರಿಯೂ ಇಲ್ಲ. ಅವು ಕನ್ಕರೆಂಟ್. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕು.

ಲ್ಯಾಂಪೋರ್ಟ್ ಕ್ಲಾಕ್

ಈ ಸಂಬಂಧಕ್ಕೆ ವಿರುದ್ಧವಾಗದ ಸಂಖ್ಯೆಗಳನ್ನು ಘಟನೆಗಳಿಗೆ ಕೊಡಲು ಒಂದು ಕೌಂಟರ್ ಸಾಕು. ಪ್ರತಿ ಮಶೀನ್‌ಗೂ ತನ್ನದೇ ಕೌಂಟರ್. ಘಟನೆ ನಡೆದಾಗೆಲ್ಲ ಒಂದು ಹೆಚ್ಚಿಸಬೇಕು. ಮೆಸೇಜ್ ಕಳಿಸುವಾಗ ಆಗಿನ ಸಂಖ್ಯೆಯನ್ನೂ ಜೊತೆಗೆ ಕಳಿಸಬೇಕು. ಮೆಸೇಜ್ ಬಂದಾಗ ತನ್ನ ಸಂಖ್ಯೆ, ಬಂದ ಸಂಖ್ಯೆ ಎರಡರಲ್ಲಿ ದೊಡ್ಡದನ್ನು ತೆಗೆದುಕೊಂಡು ಒಂದು ಕೂಡಿಸಬೇಕು.

```python
class Clock:
    def __init__(self):
        self.t = 0
    def tick(self):
        self.t += 1
        return self.t
    def recv(self, other):
        self.t = max(self.t, other) + 1
        return self.t
```

ಈಗ ಸಂಖ್ಯೆ ಹಾಕೋಣ. A ನಲ್ಲಿ a1, a2, a3 ಕ್ಕೆ 1, 2, 3. B ನಲ್ಲಿ b1 ಕ್ಕೆ 1. a2 ಕಳಿಸಿದ ಮೆಸೇಜ್ 2 ಎಂಬ ಸಂಖ್ಯೆ ಹೊತ್ತು ಬರುತ್ತದೆ, ಹಾಗಾಗಿ b2 ಗೆ max(1, 2) + 1 = 3. ಆಮೇಲೆ b3 ಗೆ 4, b4 ಗೆ 5. C ನಲ್ಲಿ c1 ಕ್ಕೆ 1, c2 ಗೆ max(1, 5) + 1 = 6.

ಮೊದಲ ಸಮಸ್ಯೆ ಬಗೆಹರಿಯಿತು ನೋಡಿ. a1 ರ ಸಂಖ್ಯೆ 1, ತಿದ್ದುಪಡಿ b3 ರ ಸಂಖ್ಯೆ 4. B ಯ ಗೋಡೆ ಗಡಿಯಾರ, ಅಂದರೆ ಗಂಟೆ-ನಿಮಿಷ ತೋರಿಸುವ ಗಡಿಯಾರ, ಎಷ್ಟೇ ಹಿಂದಿರಲಿ, ತಿದ್ದುಪಡಿ ಮೂಲಕ್ಕಿಂತ ಮೊದಲು ಬರಲು ಸಾಧ್ಯವೇ ಇಲ್ಲ. a ಯ ಸಂಖ್ಯೆಯನ್ನು L(a) ಎಂದು ಬರೆದರೆ, a → b ಆಗಿದ್ದರೆ L(a) < L(b) ಎಂಬುದು ಈ ಕ್ಲಾಕ್ ಕೊಡುವ ಖಾತ್ರಿ. ಎರಡು ಘಟನೆಗಳಿಗೆ ಒಂದೇ ಸಂಖ್ಯೆ ಬಂದರೆ ಮಶೀನ್ ಹೆಸರಿನ ಕ್ರಮದಲ್ಲಿ ಇಡುತ್ತೇವೆ. ಆಗ ಎಲ್ಲ ಮಶೀನ್‌ಗಳೂ ಒಪ್ಪುವ ಒಂದೇ ಸಾಲು ಸಿಗುತ್ತದೆ. ಡೇಟಾದ ಬೀಗವನ್ನು ಯಾವ ಮಶೀನ್‌ಗೆ ಮೊದಲು ಕೊಡಬೇಕು ಎಂಬಂಥ ಪ್ರಶ್ನೆಗೆ ಈ ಸಾಲು ಸಾಕು.

ಕೋಡ್‌ನಲ್ಲಿ ಒಂದು ಕಡೆ ಎಚ್ಚರ ಬೇಕು. recv ಒಳಗಿನ + 1 ಬಿಟ್ಟರೆ ಕಳಿಸಿದ್ದಕ್ಕೂ ತಲುಪಿದ್ದಕ್ಕೂ ಒಂದೇ ಸಂಖ್ಯೆ ಬರಬಹುದು. A ಯಿಂದ B ಗೆ ಹೋಗುವ ಮೆಸೇಜ್‌ನಲ್ಲಿ ಇದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಸಮ ಬಂದಾಗ A ಯೇ ಮೊದಲು ನಿಲ್ಲುತ್ತದೆ. B ಯಿಂದ A ಗೆ ಬರುವ ಮೆಸೇಜ್‌ನಲ್ಲಿ ಮಾತ್ರ ತಲುಪಿದ್ದು ಮೊದಲು, ಕಳಿಸಿದ್ದು ಆಮೇಲೆ ಎಂದು ಬಂದುಬಿಡುತ್ತದೆ. ಟೆಸ್ಟ್ ಬರೆಯುವಾಗ ಎರಡೂ ದಿಕ್ಕಿನ ಮೆಸೇಜ್ ಇಡಿ.

ಇನ್ನೊಂದು ತೊಂದರೆ ರೀಸ್ಟಾರ್ಟ್ ಆದಾಗ ಬರುತ್ತದೆ. ಕೌಂಟರ್ ಮೆಮೊರಿಯಲ್ಲಿ ಮಾತ್ರ ಇದ್ದರೆ ಮಶೀನ್ ಮತ್ತೆ ಸೊನ್ನೆಯಿಂದ ಶುರು ಮಾಡುತ್ತದೆ, ತನ್ನದೇ ಹಳೆಯ ಘಟನೆಗಳಿಗಿಂತ ಹಿಂದಕ್ಕೆ ಹೋಗುತ್ತದೆ. ಪ್ರತಿ ಸಲ ಡಿಸ್ಕ್‌ಗೆ ಬರೆದರೆ ನಿಧಾನ. ಅದಕ್ಕೆ 1000 ಎಂದು ಮುಂಚೆಯೇ ಡಿಸ್ಕ್‌ನಲ್ಲಿ ಬರೆದಿಟ್ಟು ಅಲ್ಲಿಯವರೆಗೆ ಮೆಮೊರಿಯಲ್ಲೇ ಎಣಿಸಬಹುದು. ಅದು ಮುಗಿಯುವ ಮೊದಲು 2000 ಎಂದು ಬರೆಯುವುದು. ರೀಸ್ಟಾರ್ಟ್ ಆದರೆ ಡಿಸ್ಕ್‌ನಲ್ಲಿರುವ ಸಂಖ್ಯೆಯಿಂದ ಮುಂದುವರಿಯುವುದು. ನಡುವೆ ಕೆಲವು ಸಂಖ್ಯೆಗಳು ಖಾಲಿ ಬಿಟ್ಟುಹೋಗುತ್ತವೆ, ಅದರಿಂದ ಏನೂ ನಷ್ಟವಿಲ್ಲ.

ಉಲ್ಟಾ ಓದಬಾರದು

ಕಲಿಯುವವರು ಜಾಸ್ತಿ ಎಡವುವುದು ಇಲ್ಲೇ. a → b ಆದರೆ L(a) < L(b) ನಿಜ. ಆದರೆ L(a) < L(b) ಇದ್ದ ಮಾತ್ರಕ್ಕೆ a → b ಎಂದು ಹೇಳುವ ಹಾಗಿಲ್ಲ.

a3 ಮತ್ತು b3 ನೋಡಿ. ಗ್ರಾಹಕರು ಜಯನಗರಕ್ಕೆ ಬದಲಿಸಿದ a3 ಗೆ 3, ಬಸವನಗುಡಿ ಪಿನ್‌ಕೋಡ್ ತಿದ್ದಿದ b3 ಗೆ 4. ದೊಡ್ಡ ಸಂಖ್ಯೆಯೇ ಹೊಸದು ಎಂದು ಡೇಟಾಬೇಸ್ ನಂಬಿದರೆ ಗ್ರಾಹಕರ ಹೊಸ ವಿಳಾಸ ಹೋಗಿ, ಅವರು ಬಿಟ್ಟುಬಂದ ಮನೆಯ ತಿದ್ದಿದ ವಿಳಾಸ ಉಳಿಯುತ್ತದೆ. ಎರಡೂ ಕನ್ಕರೆಂಟ್ ಎಂದು ನಮಗೆ ದಾರಿ ಹುಡುಕಿ ನೋಡಿದ್ದರಿಂದ ಗೊತ್ತು. 3 ಮತ್ತು 4 ಎಂಬ ಸಂಖ್ಯೆಗಳಲ್ಲಿ ಆ ಮಾಹಿತಿಯೇ ಇಲ್ಲ. ಒಂದೇ ಸಂಖ್ಯೆಗೆ ಎಲ್ಲವನ್ನೂ ಇಳಿಸಿದಾಗ ಅದು ಕಳೆದುಹೋಯಿತು.

ಅದನ್ನು ಉಳಿಸಿಕೊಳ್ಳಲು ಇರುವುದು ವೆಕ್ಟರ್ ಕ್ಲಾಕ್. 1988 ರಲ್ಲಿ ಕಾಲಿನ್ ಫಿಜ್ ಮತ್ತು ಫ್ರೀಡೆಮನ್ ಮಾಟರ್ನ್ ಬೇರೆ ಬೇರೆಯಾಗಿ ಇದನ್ನು ಮುಂದಿಟ್ಟರು. ಪ್ರತಿ ಮಶೀನ್ ತನ್ನ ಒಂದು ಸಂಖ್ಯೆಯ ಬದಲು ಎಲ್ಲ ಮಶೀನ್‌ಗಳ ಸಂಖ್ಯೆ ಇಟ್ಟುಕೊಳ್ಳುತ್ತದೆ. "A ಯಲ್ಲಿ ನಡೆದ ಇಷ್ಟು, B ಯಲ್ಲಿ ನಡೆದ ಇಷ್ಟು, C ಯಲ್ಲಿ ನಡೆದ ಇಷ್ಟು ನನಗೆ ಗೊತ್ತು" ಎಂಬ ಪಟ್ಟಿ ಅದು. ಮೆಸೇಜ್ ಬಂದಾಗ ಒಂದೊಂದು ಜಾಗದಲ್ಲೂ ದೊಡ್ಡದನ್ನು ತೆಗೆದುಕೊಂಡು ತನ್ನ ಜಾಗದಲ್ಲಿ ಒಂದು ಕೂಡಿಸುತ್ತದೆ.

```
a1 [1,0,0]   b1 [0,1,0]   c1 [0,0,1]
a2 [2,0,0]   b2 [2,2,0]   c2 [2,4,2]
a3 [3,0,0]   b3 [2,3,0]
             b4 [2,4,0]
```

ಹೋಲಿಸುವುದು ಸುಲಭ. ಒಂದರ ಎಲ್ಲ ಸಂಖ್ಯೆಗಳೂ ಇನ್ನೊಂದರವಕ್ಕೆ ಸಮ ಅಥವಾ ಕಡಿಮೆ ಇದ್ದು, ಒಂದಾದರೂ ಕಡಿಮೆಯೇ ಆಗಿದ್ದರೆ ಅದು ಮೊದಲು ನಡೆದದ್ದು. a1 [1,0,0] ಮತ್ತು b3 [2,3,0]: ಯಾವ ಜಾಗದಲ್ಲೂ a1 ಹೆಚ್ಚಿಲ್ಲ, ಆದ್ದರಿಂದ a1 → b3. ತಪ್ಪು ಪಿನ್‌ಕೋಡನ್ನು ಧೈರ್ಯವಾಗಿ ಬಿಸಾಡಬಹುದು. a3 [3,0,0] ಮತ್ತು b3 [2,3,0]: ಮೊದಲ ಜಾಗದಲ್ಲಿ a3 ದೊಡ್ಡದು, ಎರಡನೆಯದರಲ್ಲಿ b3 ದೊಡ್ಡದು. ಯಾವುದೂ ಮೊದಲಲ್ಲ. ಕನ್ಕರೆಂಟ್ ಎಂದು ಈ ಸಲ ಸಂಖ್ಯೆಗಳೇ ಹೇಳಿದವು, ಮತ್ತು ಇಲ್ಲಿ ಎರಡೂ ದಿಕ್ಕಿನ ಓದು ಸರಿ.

ಹಾಗಾದರೆ ಯಾವ ವಿಳಾಸ ಇಟ್ಟುಕೊಳ್ಳಬೇಕು? ವೆಕ್ಟರ್ ಕ್ಲಾಕ್ ಅದನ್ನು ಹೇಳುವುದಿಲ್ಲ. ಘರ್ಷಣೆ ಇದೆ ಎಂದು ತೋರಿಸುವುದಷ್ಟೇ ಅದರ ಕೆಲಸ. ಎರಡನ್ನೂ ಉಳಿಸಿಕೊಂಡು ಅಪ್ಲಿಕೇಶನ್‌ಗೆ ಒಪ್ಪಿಸಬೇಕು. ಅಮೆಜಾನ್‌ನವರು 2007 ರಲ್ಲಿ ವಿವರಿಸಿದ ಡೈನಮೋ ಡೇಟಾಬೇಸ್ ಹೀಗೇ ಮಾಡುತ್ತಿತ್ತು. ಖರೀದಿ ಕಾರ್ಟ್‌ನ ಎರಡು ಆವೃತ್ತಿ ಬಂದರೆ ಕಾರ್ಟ್‌ನ ಅಪ್ಲಿಕೇಶನ್ ಎರಡನ್ನೂ ಸೇರಿಸಿಬಿಡುತ್ತಿತ್ತು. ಸೇರಿಸಿದ ವಸ್ತು ಎಂದೂ ಕಳೆಯುತ್ತಿರಲಿಲ್ಲ, ಆದರೆ ತೆಗೆದುಹಾಕಿದ ವಸ್ತು ಕೆಲವೊಮ್ಮೆ ವಾಪಸ್ ಬರುತ್ತಿತ್ತು. ವಿಳಾಸಕ್ಕೆ ಸೇರಿಸುವ ದಾರಿ ಆಗದು. ಗ್ರಾಹಕರೇ ಬರೆದದ್ದಕ್ಕೆ ಪ್ರೋಗ್ರಾಂ ತಿದ್ದಿದ್ದಕ್ಕಿಂತ ಹೆಚ್ಚು ಬೆಲೆ ಕೊಡುವುದೇ ಸರಿ ಎಂದು ನನಗನ್ನಿಸುತ್ತದೆ.

ಬೆಲೆಯೂ ಇದೆ. ಮಶೀನ್ ಎಷ್ಟೋ, ಪ್ರತಿ ಮೆಸೇಜ್‌ನಲ್ಲಿ ಸಂಖ್ಯೆಗಳೂ ಅಷ್ಟು. ಇದಕ್ಕಿಂತ ಚಿಕ್ಕ ವೆಕ್ಟರ್‌ನಲ್ಲಿ ಎಲ್ಲ ಸಂದರ್ಭಕ್ಕೂ ಈ ಕೆಲಸ ಆಗದು ಎಂದು 1991 ರಲ್ಲಿ ಬರ್ನಡೆಟ್ ಶಾರೋನ್-ಬೋಸ್ಟ್ ಸಾಧಿಸಿದರು.

ವ್ಯವಸ್ಥೆಯ ಹೊರಗಿನ ದಾರಿ

ಎರಡೂ ಕ್ಲಾಕ್‌ಗಳು ಕಾಣುವುದು ತಮ್ಮ ಮೂಲಕ ಹೋದ ಮೆಸೇಜ್‌ಗಳನ್ನು ಮಾತ್ರ. ಗ್ರಾಹಕರು a3 ಮುಗಿಸಿ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, "ಈಗಷ್ಟೇ ವಿಳಾಸ ಬದಲಿಸಿದ್ದೀನಿ, ಹಳೇ ವಿಳಾಸಕ್ಕೆ ಪಾರ್ಸೆಲ್ ಕಳಿಸಬೇಡಿ ಮೇಡಂ" ಎಂದರು ಎನ್ನಿ. ಅಲ್ಲಿನ ಸಿಬ್ಬಂದಿ ಅದನ್ನು C ನಲ್ಲಿ ಬರೆದರು. c2 ಇನ್ನೂ ಬಂದಿಲ್ಲ. C ಯ ಕೌಂಟರ್ 1 ರಲ್ಲಿದೆ, ಹಾಗಾಗಿ ಈ ಬರಹಕ್ಕೆ 2. ಫೋನಿಗೆ ಕಾರಣವಾದ a3 ಗೆ 3. ಕ್ರಮ ತಿರುವುಮುರುವು. ವೆಕ್ಟರ್ ಹಾಕಿದರೂ ಕನ್ಕರೆಂಟ್ ಎಂದೇ ಬರುತ್ತದೆ. ಲ್ಯಾಂಪೋರ್ಟ್ ತಮ್ಮ ಪ್ರಬಂಧದಲ್ಲೇ ಇಂಥ ಫೋನ್ ಕರೆಯ ಉದಾಹರಣೆ ಕೊಟ್ಟು ಎರಡು ದಾರಿ ತೋರಿಸಿದ್ದಾರೆ.

ಮೊದಲನೆಯದು ಸಂಖ್ಯೆಯನ್ನು ಮನುಷ್ಯರೇ ಹೊತ್ತು ತರುವುದು. A ಯ ಪರದೆಯಲ್ಲಿ ಬಂದ ರೆಫರೆನ್ಸ್ ನಂಬರ್‌ನೊಳಗೆ 3 ಇದ್ದು, ಗ್ರಾಹಕರು ಅದನ್ನು ಫೋನಿನಲ್ಲಿ ಹೇಳಿ, ಸಿಬ್ಬಂದಿ C ನಲ್ಲಿ ಟೈಪ್ ಮಾಡಿದರೆ max(1, 3) + 1 = 4. ಕ್ರಮ ಸರಿಹೋಯಿತು. ಇಂದಿನ ಡೇಟಾಬೇಸ್‌ಗಳಲ್ಲಿ ಕ್ಲೈಂಟ್ ತಾನು ಕೊನೆಗೆ ಕಂಡ ಸಮಯವನ್ನು ಮುಂದಿನ ಕೋರಿಕೆಯ ಜೊತೆ ಕಳಿಸುವುದು ಇದೇ ಉಪಾಯ. ಮೊಂಗೋಡಿಬಿಯ `afterClusterTime` ಅದಕ್ಕೊಂದು ಉದಾಹರಣೆ.

ಎರಡನೆಯದು ಗೋಡೆ ಗಡಿಯಾರಕ್ಕೇ ವಾಪಸ್ ಹೋಗುವುದು, ಆದರೆ ಅದು ಗರಿಷ್ಠ ಎಷ್ಟು ತಪ್ಪಿರಬಹುದು ಎಂಬ ಮಿತಿ ತಿಳಿದುಕೊಂಡು. ಗೂಗಲ್‌ನ ಸ್ಪ್ಯಾನರ್ ಡೇಟಾಬೇಸ್ ಮಾಡುವುದು ಇದನ್ನೇ. ಜಿಪಿಎಸ್ ಮತ್ತು ಪರಮಾಣು ಗಡಿಯಾರಗಳ ನೆರವಿನಿಂದ ತಪ್ಪಿನ ಮಿತಿಯನ್ನು ಕೆಲವೇ ಮಿಲಿಸೆಕೆಂಡ್‌ಗೆ ಇಳಿಸಿಕೊಂಡಿದೆ. ಒಂದು ಬರಹಕ್ಕೆ ಟೈಮ್‌ಸ್ಟ್ಯಾಂಪ್ ಕೊಟ್ಟಮೇಲೆ, ಆ ಸಮಯ ಎಲ್ಲ ಮಶೀನ್‌ಗಳಲ್ಲೂ ಖಂಡಿತ ಕಳೆದಿದೆ ಎನ್ನುವವರೆಗೆ ಕಾಯುತ್ತದೆ. ಆಮೇಲಷ್ಟೇ "ಉಳಿಸಿದೆ" ಎಂದು ಉತ್ತರ ಕೊಡುತ್ತದೆ. ಗ್ರಾಹಕರು ಆ ಉತ್ತರ ನೋಡಿದ ಮೇಲೆ ಫೋನ್ ಎತ್ತುವುದರಿಂದ, ಫೋನಿನ ಆಚೆ ಬದಿಯ ಬರಹಕ್ಕೆ ಅದಕ್ಕಿಂತ ದೊಡ್ಡ ಟೈಮ್‌ಸ್ಟ್ಯಾಂಪೇ ಸಿಗುತ್ತದೆ.