ಒಮ್ಮೆ ನೋಡಿದ ದಾರಿಯನ್ನು ಮತ್ತೆ ಹುಡುಕಬೇಕೇ?

ಒಂದು ಗೋದಾಮು, ಒಂದು ಬಂದರು. ನಡುವೆ ಒಂದಷ್ಟು ಊರುಗಳು, ಅವುಗಳನ್ನು ಜೋಡಿಸುವ ಒನ್‌ವೇ ರಸ್ತೆಗಳು. ಪ್ರತಿ ರಸ್ತೆಗೂ ಒಂದು ಮಿತಿ ಇದೆ: ದಿನಕ್ಕೆ ಇಷ್ಟೇ ಲೋಡ್ ಹೋಗಬಹುದು. ಹಾಗಾದರೆ ಗೋದಾಮಿನಿಂದ ಬಂದರಿಗೆ ದಿನಕ್ಕೆ ಹೆಚ್ಚೆಂದರೆ ಎಷ್ಟು ಲೋಡ್ ಸಾಗಿಸಬಹುದು? ಇದೇ ಮ್ಯಾಕ್ಸಿಮಮ್ ಫ್ಲೋ ಲೆಕ್ಕ.

ಇದಕ್ಕೆ ಫೋರ್ಡ್ ಮತ್ತು ಫಲ್ಕರ್ಸನ್ 1950ರ ದಶಕದಲ್ಲಿ ಕೊಟ್ಟ ದಾರಿ ತುಂಬ ಸರಳ. ಜಾಗ ಉಳಿದಿರುವ ಯಾವುದಾದರೂ ಒಂದು ದಾರಿ ಹುಡುಕಿ, ಹಿಡಿಸುವಷ್ಟು ಲೋಡ್ ಕಳಿಸಿ, ಮತ್ತೆ ಇನ್ನೊಂದು ದಾರಿ ಹುಡುಕಿ. ಒಂದೇ ಒಂದು ಜಾಣತನ ಬೇಕು. ಒಂದು ರಸ್ತೆಯಲ್ಲಿ 5 ಲೋಡ್ ಕಳಿಸಿದ್ದರೆ, ಲೆಕ್ಕದ ಪುಸ್ತಕದಲ್ಲಿ ಅದರ ಎದುರು ದಿಕ್ಕಿಗೆ 5 ಲೋಡಿನ ಹಿಂದಿನ ರಸ್ತೆ ಬರೆದುಕೊಳ್ಳಬೇಕು. ನಿಜವಾಗಿ ಅಲ್ಲಿ ಲಾರಿ ವಾಪಸ್ ಬರುವುದಿಲ್ಲ. ಮೊದಲು ಕಳಿಸಿದ್ದನ್ನು ರದ್ದು ಮಾಡಿ ಬೇರೆ ಕಡೆ ತಿರುಗಿಸಬಹುದು ಅಂತ ಅಷ್ಟೇ ಅದರ ಅರ್ಥ.

ತೊಂದರೆ ಇರುವುದು "ಯಾವುದಾದರೂ ಒಂದು ದಾರಿ" ಅನ್ನುವ ಮಾತಿನಲ್ಲಿ. ಗೋದಾಮು ಮತ್ತು ಬಂದರಿನ ನಡುವೆ ಎರಡೇ ಊರುಗಳಿವೆ ಅಂದುಕೊಳ್ಳಿ. ಗೋದಾಮಿನಿಂದ ಎರಡೂ ಊರಿಗೆ, ಎರಡೂ ಊರಿನಿಂದ ಬಂದರಿಗೆ 1000 ಲೋಡಿನ ದೊಡ್ಡ ರಸ್ತೆಗಳು. ಮೊದಲ ಊರಿನಿಂದ ಎರಡನೆಯದಕ್ಕೆ 1 ಲೋಡಿನ ಸಣ್ಣ ರಸ್ತೆ. ಪ್ರತಿ ಸಲವೂ ಆ ಸಣ್ಣ ರಸ್ತೆಯನ್ನೇ ಸೇರಿಸಿ ದಾರಿ ಮಾಡಿದರೆ ಒಂದು ಸುತ್ತಿಗೆ ಒಂದೇ ಲೋಡ್ ಹೋಗುತ್ತದೆ. ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಿನ ರಸ್ತೆಯಲ್ಲಿ. ಒಟ್ಟು 2000 ಸುತ್ತು! ಎರಡೇ ಸುತ್ತಿನಲ್ಲಿ ಮುಗಿಯುವ ಕೆಲಸ ಅದು.

ಕಮ್ಮಿ ರಸ್ತೆಗಳಿರುವ ದಾರಿಯನ್ನೇ ಪ್ರತಿ ಸಲ ಆರಿಸಿದರೆ ಈ ಕಾಟ ತಪ್ಪುತ್ತದೆ. ಎಡ್ಮಂಡ್ಸ್ ಮತ್ತು ಕಾರ್ಪ್ 1972ರಲ್ಲಿ ಪ್ರಕಟಿಸಿದ ವಿಧಾನ ಅದೇ. ಗೋದಾಮಿನಿಂದ ಹೊರಟು ಒಂದು ಹೆಜ್ಜೆಯ ಊರುಗಳು, ಎರಡು ಹೆಜ್ಜೆಯ ಊರುಗಳು, ಹೀಗೆ ಅಲೆ ಅಲೆಯಾಗಿ ನೋಡುತ್ತಾ ಹೋಗುವುದು. ಪ್ರೋಗ್ರಾಮರ್‌ಗಳು ಇದನ್ನು ಬಿಎಫ್‌ಎಸ್ ಅನ್ನುತ್ತಾರೆ. ಆದರೆ ನನ್ನ ಮನಸ್ಸಿಗೆ ಕಿರಿಕಿರಿ ಆಗುವುದು ಇಲ್ಲೇ. ಅಷ್ಟೂ ಊರು ಸುತ್ತಿ ಯಾವ ಊರು ಎಷ್ಟು ದೂರ ಅಂತ ಅಳೆದದ್ದಾಯಿತು. ಅದರಲ್ಲಿ ಒಂದು ದಾರಿಗೆ ಲೋಡ್ ಕಳಿಸಿ, ಉಳಿದ ಅಳತೆಯನ್ನೆಲ್ಲ ಎಸೆದು, ಮತ್ತೆ ಮೊದಲಿನಿಂದ ಅಳೆಯಬೇಕು. ಅಷ್ಟರಲ್ಲಿ ಬದಲಾಗಿದ್ದು ಮೂರೋ ನಾಲ್ಕೋ ರಸ್ತೆ ಮಾತ್ರ!

ಈ ಪ್ರಶ್ನೆಗೆ ಉತ್ತರ ಎಡ್ಮಂಡ್ಸ್-ಕಾರ್ಪ್ ಪ್ರಕಟಣೆಗಿಂತ ಮುಂಚೆಯೇ ಮಾಸ್ಕೋದಲ್ಲಿ ಹುಟ್ಟಿತ್ತು. 1969ರಲ್ಲಿ ಎಫಿಮ್ ಡಿನಿಟ್ಸ್ ಅನ್ನುವ ವಿದ್ಯಾರ್ಥಿ ಅಡೆಲ್ಸನ್-ವೆಲ್ಸ್ಕಿ ಅವರ ಆಲ್ಗರಿದಮ್ ತರಗತಿಯಲ್ಲಿ ಕೂತಿದ್ದರು. ಡೇಟಾ ಬೇಗ ಹುಡುಕಲು ಬಳಸುವ ಎವಿಎಲ್ ಟ್ರೀ ಹೆಸರಿನಲ್ಲಿರುವ 'ಎ' ಮತ್ತು 'ವಿ' ಇದೇ ಮೇಷ್ಟ್ರು. ಆ ತರಗತಿಯ ಒಂದು ಅಭ್ಯಾಸದಿಂದ ಹುಟ್ಟಿದ ಡಿನಿಟ್ಸ್ ಅವರ ವಿಧಾನ 1970ರಲ್ಲಿ ಅಚ್ಚಾಯಿತು. ಅದರ ತಿರುಳು ಇಷ್ಟು: ಒಮ್ಮೆ ಅಳೆದ ದೂರವನ್ನು, ಅದರಿಂದ ಸಿಗುವಷ್ಟು ದಾರಿಗಳೂ ಮುಗಿಯುವ ತನಕ ಬಳಸು.

ಹೇಗೆ ಅಂತ ಒಂದು ಪುಟ್ಟ ಲೆಕ್ಕದಲ್ಲೇ ನೋಡೋಣ. ಕ, ಗ, ಚ, ಜ ಅಂತ ನಾಲ್ಕು ಊರು. ಪೆನ್ನು ಹಾಳೆ ತೆಗೆದುಕೊಂಡು ಚಿತ್ರ ಬರೆದುಕೊಂಡರೆ ಒಳ್ಳೆಯದು.

ಗೋದಾಮಿನಿಂದ ಕ ಊರಿಗೆ 10, ಗ ಊರಿಗೆ 8 ಲೋಡ್ ಹೋಗಬಹುದು. ಕ ಇಂದ ಚ ಗೆ 6, ಕ ಇಂದ ಜ ಗೆ 5. ಗ ಇಂದ ಇರುವುದು ಒಂದೇ ರಸ್ತೆ, ಜ ಗೆ, 7 ಲೋಡ್. ಕೊನೆಗೆ ಚ ಇಂದ ಬಂದರಿಗೆ 9, ಜ ಇಂದ ಬಂದರಿಗೆ 8.

ಮೊದಲು ದೂರ ಅಳೆಯೋಣ. ಗೋದಾಮು 0ನೇ ಹಂತ. ಕ ಮತ್ತು ಗ 1ನೇ ಹಂತ. ಚ ಮತ್ತು ಜ 2ನೇ ಹಂತ. ಬಂದರು 3ನೇ ಹಂತ. ಈಗ ಒಂದು ಹಂತದಿಂದ ಸರಿಯಾಗಿ ಮುಂದಿನ ಹಂತಕ್ಕೆ ಹೋಗುವ, ಜಾಗ ಇರುವ ರಸ್ತೆಗಳನ್ನು ಮಾತ್ರ ಇಟ್ಟುಕೊಳ್ಳಿ. ಅದೇ ಹಂತದೊಳಗೆ ಓಡುವ, ಹಿಂದಕ್ಕೆ ಹೋಗುವ ರಸ್ತೆ ಇದ್ದರೆ ಸದ್ಯಕ್ಕೆ ಮರೆತುಬಿಡಿ. ಹೀಗೆ ಉಳಿಯುವ ಚಿತ್ರವೇ ಲೆವೆಲ್ ಗ್ರಾಫ್. ಇದರಲ್ಲಿ ಎತ್ತ ನಡೆದರೂ ಮೇಲಿನ ಮೆಟ್ಟಿಲಿಗೇ ಹೋಗುತ್ತೇವೆ. ಸುತ್ತಿ ಸುತ್ತಿ ಅದೇ ಊರಿಗೆ ಬರುವ ಮಾತೇ ಇಲ್ಲ.

ಈಗ ಲೋಡ್ ಕಳಿಸೋಣ. ಕ, ಜ ದಾಟಿ ಬಂದರಿಗೆ 5 ಲೋಡ್ ಹೋಯಿತು. ಕ-ಜ ರಸ್ತೆ ತುಂಬಿತು. ಗೋದಾಮಿನಿಂದ ಕ ಗೆ ಇನ್ನೂ 5 ಉಳಿದಿದೆ, ಅದು ಚ ಮೂಲಕ ಹೋಯಿತು. ಆ ಬಾಗಿಲೂ ಮುಚ್ಚಿತು. ಇನ್ನು ಗ ಕಡೆ: ಗ, ಜ, ಬಂದರು. ಜ ಇಂದ ಬಂದರಿಗೆ 8ರಲ್ಲಿ 3 ಮಾತ್ರ ಉಳಿದಿತ್ತು, ಹಾಗಾಗಿ 3 ಲೋಡ್ ಹೋಯಿತು. ಮತ್ತೆ ಗ ಗೆ ಹೋದರೆ? ಗ-ಜ ರಸ್ತೆಯಲ್ಲಿ ಇನ್ನೂ ಜಾಗ ಇದೆ, ಆದರೆ ಜ ತಲುಪಿದರೆ ಮುಂದೆ ದಾರಿ ಇಲ್ಲ. ವಾಪಸ್ ಬಂದು ಗ-ಜ ರಸ್ತೆಗೆ ಕಾಟು ಹೊಡೆಯಬೇಕು. ಆಗ ಗ ಇಂದಲೂ ಹೊರಡಲು ಏನೂ ಉಳಿಯಲಿಲ್ಲ, ಗೋದಾಮು-ಗ ರಸ್ತೆಗೂ ಕಾಟು. ಈ ಸುತ್ತಿನಲ್ಲಿ ಇನ್ನು ಅವುಗಳ ಕಡೆ ತಿರುಗಿಯೂ ನೋಡುವ ಹಾಗಿಲ್ಲ.

ಒಟ್ಟು 13 ಲೋಡ್. ಲೆವೆಲ್ ಗ್ರಾಫ್‌ನಲ್ಲಿ ಗೋದಾಮಿನಿಂದ ಬಂದರಿಗೆ ಈಗ ಒಂದೂ ದಾರಿ ಇಲ್ಲ, ಪ್ರತಿ ದಾರಿಯಲ್ಲೂ ಕನಿಷ್ಠ ಒಂದು ರಸ್ತೆ ತುಂಬಿದೆ. ಇಂಥ ಹರಿವಿಗೆ ಬ್ಲಾಕಿಂಗ್ ಫ್ಲೋ ಅಂತ ಹೆಸರು. ಇದೇ ಅತಿ ಹೆಚ್ಚಿನ ಹರಿವು ಅಂದುಕೊಳ್ಳಬೇಡಿ. ಈ ಮೆಟ್ಟಿಲುಗಳಲ್ಲಿ, ಮುಂದಕ್ಕೆ ಮಾತ್ರ ನಡೆದರೆ ಇನ್ನು ಏನೂ ಸೇರಿಸಲು ಆಗದು, ಅಷ್ಟೇ.

ಮತ್ತೆ ದೂರ ಅಳೆಯೋಣ, ಈ ಸಲ ಹಿಂದಿನ ರಸ್ತೆಗಳನ್ನೂ ಸೇರಿಸಿ. ಗೋದಾಮಿನಿಂದ ಕ ಗೆ ಜಾಗ ಇಲ್ಲ. ಗ ಗೆ ಇದೆ, ಅಲ್ಲಿಂದ ಜ ಗೆ ಇದೆ. ಜ ಇಂದ ಬಂದರಿಗೆ ಇಲ್ಲ, ಆದರೆ ಕ ಗೆ ಹಿಂದಿನ ರಸ್ತೆ ಇದೆ. ಕ ಇಂದ ಚ ಗೆ 1 ಲೋಡಿನ ಜಾಗ ಉಳಿದಿದೆ, ಚ ಇಂದ ಬಂದರಿಗೆ 4. ಬಂದರು ಈಗ 5ನೇ ಹಂತದಲ್ಲಿದೆ. ಒಂದು ಲೋಡ್ ಹೋಯಿತು, ಒಟ್ಟು 14. ನಿಜದಲ್ಲಿ ಆಗಿದ್ದೇನು? ಕ ಇಂದ ಜ ಗೆ ಹೋಗುತ್ತಿದ್ದ ಒಂದು ಲಾರಿಯನ್ನು ಚ ಕಡೆ ತಿರುಗಿಸಿ, ಜ ಊರಿನಲ್ಲಿ ಖಾಲಿಯಾದ ಆ ಜಾಗವನ್ನು ಗ ಇಂದ ಬಂದ ಲಾರಿಗೆ ಕೊಟ್ಟೆವು.

ಮೂರನೇ ಸಲ ಅಳೆದರೆ ಗ, ಜ, ಕ ತನಕ ಹೋಗಿ ನಿಲ್ಲುತ್ತೇವೆ. ಬಂದರು ಸಿಗುವುದಿಲ್ಲ. ಮುಟ್ಟಿದ ಊರುಗಳಿಂದ ಮುಟ್ಟದ ಕಡೆಗೆ ಹೋಗುವ ರಸ್ತೆ ಎರಡೇ: ಕ-ಚ, ಮಿತಿ 6. ಜ-ಬಂದರು, ಮಿತಿ 8. ಕೂಡಿದರೆ 14. ಯಾವ ಲಾರಿಯಾದರೂ ಈ ಎರಡರಲ್ಲಿ ಒಂದನ್ನು ದಾಟಲೇಬೇಕು, ಹಾಗಾಗಿ 14ಕ್ಕಿಂತ ಜಾಸ್ತಿ ಯಾರಿಂದಲೂ ಆಗದು.

ಬಂದರಿನ ಹಂತ 3 ಇದ್ದದ್ದು 5 ಆಯಿತು, ಗಮನಿಸಿದಿರಾ? ಅದು ಆಕಸ್ಮಿಕ ಅಲ್ಲ, ಇಡೀ ವಿಧಾನ ನಿಂತಿರುವುದೇ ಅದರ ಮೇಲೆ. ಹಳೆಯ ಮೆಟ್ಟಿಲುಗಳ ಲೆಕ್ಕದಲ್ಲಿ ಜಾಗ ಇರುವ ಯಾವ ರಸ್ತೆಯೂ ಒಂದೇ ನೆಗೆತಕ್ಕೆ ಎರಡು ಮೆಟ್ಟಿಲು ಹತ್ತಿಸುವುದಿಲ್ಲ. ಹತ್ತಿಸುವ ಹಾಗಿದ್ದರೆ ಆ ಊರು ಮೊದಲೇ ಕೆಳಗಿನ ಹಂತದಲ್ಲಿ ಸಿಕ್ಕಿರುತ್ತಿತ್ತು. ಲೋಡ್ ಕಳಿಸಿದ್ದರಿಂದ ಹೊಸದಾಗಿ ಹುಟ್ಟಿದ ರಸ್ತೆಗಳೆಲ್ಲ ಹಿಂದಿನವು, ಒಂದು ಮೆಟ್ಟಿಲು ಇಳಿಸುವಂಥವು. ಮೂರು ಮೆಟ್ಟಿಲನ್ನು ಮೂರೇ ಹೆಜ್ಜೆಯಲ್ಲಿ ಹತ್ತಬೇಕಾದರೆ ಪ್ರತಿ ಹೆಜ್ಜೆಯೂ ಮೇಲಕ್ಕೇ ಇರಬೇಕು. ಅಂಥ ದಾರಿಗಳನ್ನೆಲ್ಲ ಬ್ಲಾಕಿಂಗ್ ಫ್ಲೋ ಮುಚ್ಚಿಬಿಟ್ಟಿದೆ. ಆದ್ದರಿಂದ ಇನ್ನು ಸಿಗುವ ದಾರಿ ಉದ್ದವಾಗಲೇಬೇಕು. ನಮ್ಮ ದಾರಿ ಜ ಇಂದ ಕ ಗೆ ಒಂದು ಮೆಟ್ಟಿಲು ಇಳಿಯಿತು. ಇಳಿದದ್ದಕ್ಕೆ ಒಂದು ಹೆಜ್ಜೆ, ಅದನ್ನು ಮತ್ತೆ ಹತ್ತುವುದಕ್ಕೆ ಇನ್ನೊಂದು. ಮೂರು ಇದ್ದದ್ದು ಐದಾಗಿದ್ದು ಹಾಗೆ.

ಪ್ರತಿ ಸುತ್ತಿಗೂ ದೂರ ಕನಿಷ್ಠ ಒಂದಾದರೂ ಹೆಚ್ಚುತ್ತದೆ. ಗೋದಾಮು, ಬಂದರು ಎರಡನ್ನೂ ಸೇರಿಸಿ V ಊರುಗಳಿದ್ದರೆ ದೂರ V-1 ದಾಟಲು ಸಾಧ್ಯವಿಲ್ಲ, ಅಂದರೆ ಸುತ್ತುಗಳೂ ಅಷ್ಟರೊಳಗೇ. ಒಂದು ಸುತ್ತಿನೊಳಗೆ ಪ್ರತಿ ದಾರಿಯೂ ಕನಿಷ್ಠ ಒಂದು ರಸ್ತೆಯನ್ನು ತುಂಬಿಸುತ್ತದೆ. ಹಾಗಾಗಿ E ರಸ್ತೆಗಳಿದ್ದರೆ ಹೆಚ್ಚೆಂದರೆ E ದಾರಿ, ಒಂದೊಂದಕ್ಕೂ V ಹೆಜ್ಜೆ. ಎಲ್ಲ ಗುಣಿಸಿದರೆ V²E. ಪ್ರತಿ ದಾರಿಗೂ ಹೊಸದಾಗಿ ಅಳೆಯುವ ವಿಧಾನದಲ್ಲಿ ಈ ಮಿತಿ VE². 1000 ಊರು, 1 ಲಕ್ಷ ರಸ್ತೆ ಇದ್ದರೆ ಎರಡು ಮಿತಿಗಳ ನಡುವೆ ನೂರು ಪಟ್ಟು ಅಂತರ. ಇವೆರಡೂ ಅತಿ ಕೆಟ್ಟ ಸಂದರ್ಭದ ಲೆಕ್ಕ. ಸಾಮಾನ್ಯವಾಗಿ ಕೆಲಸ ಇದಕ್ಕಿಂತ ಎಷ್ಟೋ ಬೇಗ ಮುಗಿಯುತ್ತದೆ.

ಕಾಟು ಹೊಡೆಯುವ ಕೆಲಸವನ್ನು ಡಿನಿಟ್ಸ್ ಮೂಲದಲ್ಲಿ ಬೇರೆ ರೀತಿ ಮಾಡಿದ್ದರು. ಒಂದು ದಾರಿ ತುಂಬಿದ ತಕ್ಷಣ, ಮುಂದೆ ದಾರಿಯಿಲ್ಲದ ಊರುಗಳನ್ನೆಲ್ಲ ಚಿತ್ರದಿಂದ ಆಗಲೇ ಕಿತ್ತುಹಾಕುವುದು ಅವರ ಕ್ರಮ. ಹೀಗೆ ಮಾಡಿದರೆ ನಡೆಯುವಾಗ ಎಲ್ಲೂ ಎಡವುವುದೇ ಇಲ್ಲ. ಆದರೆ ಆ ಸೋವಿಯತ್ ಪತ್ರಿಕೆಯಲ್ಲಿ ಒಂದು ಲೇಖನಕ್ಕೆ ನಾಲ್ಕೇ ಪುಟ. ವಿವರ ಬರೆಯಲು ಜಾಗ ಸಾಲಲಿಲ್ಲ. 1974ರಲ್ಲಿ ಇಸ್ರೇಲಿನಲ್ಲಿ ಅದನ್ನು ಓದಿದ ಶಿಮೊನ್ ಈವನ್ ಮತ್ತು ಅಲೋನ್ ಇಟಾಯ್ ಬಿಟ್ಟುಹೋದ ಆ ಭಾಗವನ್ನು ತಮ್ಮದೇ ರೀತಿಯಲ್ಲಿ ತುಂಬಿದರು. ಮುಂದೆ ನಡೆ, ದಾರಿ ಇಲ್ಲದಿದ್ದರೆ ಹಿಂದೆ ಬಂದು ಕಾಟು ಹೊಡೆ ಅನ್ನುವುದು ಅವರದು. ಈವನ್ ತಮ್ಮ ಉಪನ್ಯಾಸಗಳಲ್ಲಿ ಇದನ್ನು ಎಲ್ಲೆಡೆ ಹರಡಿದರು. ಇಂಗ್ಲಿಷಿನಲ್ಲಿ Dinic ಅಂತ ಅಚ್ಚಾಗಿದ್ದ ಹೆಸರು ಅವರ ಬಾಯಲ್ಲಿ ಡಿನಿಕ್ ಆಯಿತು, ಇವತ್ತಿಗೂ ಬಹಳ ಜನ ಹಾಗೇ ಅನ್ನುತ್ತಾರೆ.

ಇವತ್ತು ಬರೆಯುವ ಕೋಡ್‌ನಲ್ಲಿ ಆ ಕಾಟು ಒಂದೇ ಒಂದು ಅಕ್ಷರದಲ್ಲಿ ಅಡಗಿದೆ. ಕೆಳಗಿನ ಕೋಡ್‌ನಲ್ಲಿ `E` ರಸ್ತೆಗಳ ಪಟ್ಟಿ, `cap` ಉಳಿದಿರುವ ಜಾಗ, `id ^ 1` ಅದೇ ರಸ್ತೆಯ ಹಿಂದಿನ ರಸ್ತೆ, `ptr[u]` ಅಂದರೆ u ಊರು ಮುಂದೆ ನೋಡಬೇಕಾದ ರಸ್ತೆ:

```cpp
ll dfs(int u, int t, ll f) {
  if (u == t) return f;
  for (int &i = ptr[u]; i < (int)g[u].size(); i++) {
    int id = g[u][i];
    int v = E[id].to;
    if (E[id].cap == 0 || level[v] != level[u] + 1) continue;
    ll got = dfs(v, t, min(f, E[id].cap));
    if (got > 0) {
      E[id].cap -= got;
      E[id ^ 1].cap += got;
      return got;
    }
  }
  return 0;
}
```

`int &i` ನಲ್ಲಿರುವ `&` ನೋಡಿ. ಅದು ಇದ್ದರೆ ಪ್ರತಿ ಊರೂ ತಾನು ಯಾವ ರಸ್ತೆಯ ತನಕ ನೋಡಿ ಮುಗಿಸಿದ್ದೇನೆ ಅಂತ ನೆನಪಿಡುತ್ತದೆ. ಸುತ್ತು ಶುರುವಾಗುವಾಗ ಮಾತ್ರ `ptr` ಅನ್ನು ಸೊನ್ನೆಗೆ ತರಬೇಕು. ಆ ಅಕ್ಷರ ಬಿಟ್ಟುಹೋದರೆ ಉತ್ತರ ಸರಿಯಾಗಿಯೇ ಬರುತ್ತದೆ, ಅದೇ ಅಪಾಯ. ಮುಂದೆ ದಾರಿಯಿಲ್ಲದ ಒಂದೇ ಊರಿಗೆ ಬೇರೆ ಬೇರೆ ಕಡೆಯಿಂದ ಮತ್ತೆ ಮತ್ತೆ ಹೋಗಿ ಬರುತ್ತೇವೆ. ಹಂತಗಳು ಜಾಸ್ತಿ ಇದ್ದಷ್ಟೂ ಆ ಅಲೆದಾಟ ಗುಣಿಸುತ್ತಾ ಹೋಗುತ್ತದೆ. ನಾನು ಒಮ್ಮೆ ಈ `&` ಬಿಟ್ಟು ಇಡೀ ಸಂಜೆ ಬಿಎಫ್‌ಎಸ್ ಭಾಗದಲ್ಲೇ ತಪ್ಪು ಹುಡುಕಿದ್ದೆ. ಸಣ್ಣ ಉದಾಹರಣೆಗಳೆಲ್ಲ ಚೆನ್ನಾಗಿಯೇ ಓಡುತ್ತಿದ್ದವು.

ಅಂದಿನಿಂದ ಒಂದು ಕೆಲಸ ತಪ್ಪಿಸುವುದಿಲ್ಲ. ಎಷ್ಟು ಸುತ್ತು ಆಯಿತು, ಪ್ರತಿ ಸುತ್ತಿನಲ್ಲಿ ಬಂದರಿನ ಹಂತ ಎಷ್ಟು ಅಂತ ಪ್ರಿಂಟ್ ಮಾಡಿ ನೋಡುತ್ತೇನೆ. ಹಂತದ ಸಂಖ್ಯೆ ಪ್ರತಿ ಸಾಲಿಗೂ ಏರುತ್ತಲೇ ಹೋಗಬೇಕು. ಎರಡು ಸಾಲಿನಲ್ಲಿ ಒಂದೇ ಸಂಖ್ಯೆ ಬಂದರೆ ಬ್ಲಾಕಿಂಗ್ ಫ್ಲೋ ಪೂರ್ತಿ ಆಗಿಲ್ಲ, ಜಾಗ ಇದ್ದ ಯಾವುದೋ ರಸ್ತೆಯನ್ನು ಕೋಡ್ ಬೇಗನೆ ಬಿಟ್ಟುಕೊಟ್ಟಿದೆ ಅಂತ ಅರ್ಥ. ಸಂಖ್ಯೆ ಸರಿಯಾಗಿ ಏರುತ್ತಿದೆ, ಸುತ್ತುಗಳೂ ಏಳೆಂಟೇ ಇವೆ, ಆದರೂ ಪ್ರೋಗ್ರಾಮ್ ತೆವಳುತ್ತಿದೆ ಅಂದರೆ ಮೊದಲು ಆ `&` ಇದೆಯಾ ಅಂತ ನೋಡಿ.