ಐರನ್ ಕಾಂಡೋರ್: ಸ್ಟ್ರೈಕ್ ಎಲ್ಲಿ, ಅಗಲ ಎಷ್ಟು?

ರಾಯಚೂರಿನಲ್ಲಿ ನಾವು ಕೆಲವರು ಸೇರಿ ಆಪ್ಷನ್ ಓದುತ್ತೇವೆ. ಹತ್ತಿ ವ್ಯಾಪಾರದ ಗೆಳೆಯರೊಬ್ಬರು ಮೊನ್ನೆ ಕೇಳಿದರು: "ಅಲ್ರೀ ಅಣ್ಣಾ, ನಾಲ್ಕು ಸ್ಟ್ರೈಕ್ ಅಂತೀರಿ. ಅವನ್ನ ಯಾವ ಲೆಕ್ಕದ ಮ್ಯಾಲ ಹಿಡೀಬೇಕು?" ಆ ಲೆಕ್ಕವನ್ನೇ ಇಲ್ಲಿ ಬರೆದಿದ್ದೇನೆ.

ಐರನ್ ಕಾಂಡೋರ್ ರಚನೆ ಗೊತ್ತೇ ಇದೆ. ಮೇಲೆ ಒಂದು ಕಾಲ್, ಕೆಳಗೆ ಒಂದು ಪುಟ್ ಮಾರುತ್ತೇವೆ. ಅವುಗಳ ಆಚೆ ಇನ್ನೊಂದು ಕಾಲ್, ಇನ್ನೊಂದು ಪುಟ್ ಕೊಳ್ಳುತ್ತೇವೆ. ಮಾರುವ ಸ್ಟ್ರೈಕನ್ನು ಮಾರುಕಟ್ಟೆ ನಿರೀಕ್ಷಿಸುವ ಚಲನೆ ತೀರ್ಮಾನಿಸಲಿ, ಕೊಳ್ಳುವ ಸ್ಟ್ರೈಕನ್ನು ನಾವು ತಡೆದುಕೊಳ್ಳಬಲ್ಲ ನಷ್ಟ ತೀರ್ಮಾನಿಸಲಿ. ಪ್ರೀಮಿಯಂ ಎಷ್ಟು ಬರುತ್ತದೆ ಅನ್ನೋದನ್ನು ಕೊನೆಗೆ ನೋಡಬೇಕು.

ನಿಫ್ಟಿ 25,000ದಲ್ಲಿದೆ, ಮುಕ್ತಾಯಕ್ಕೆ 7 ದಿನ ಇದೆ, ಆ ವಾರದ ಆಪ್ಷನ್‌ಗಳ ಐವಿ 12.5% ಎಂದು ಹಿಡಿಯೋಣ. ಐವಿ ಅಂದರೆ ಆಪ್ಷನ್ ಬೆಲೆಯಲ್ಲಿ ಅಡಗಿರುವ ಏರಿಳಿತದ ಅಂದಾಜು, ಅದು ಇಡೀ ವರ್ಷದ ಲೆಕ್ಕ. ಅದನ್ನು ವಾರಕ್ಕೆ ಇಳಿಸಬೇಕು:

```
25000 × 0.125 × √(7/365) ≈ 433
```

ಅಂದರೆ 100ರಲ್ಲಿ ಸುಮಾರು 68 ಸಲ ನಿಫ್ಟಿ ಈ 433 ಅಂಕಗಳ ಒಳಗೇ ಮುಕ್ತಾಯವಾಗುತ್ತದೆ ಎಂದು ಆಪ್ಷನ್ ಬೆಲೆಗಳು ಹೇಳುತ್ತಿವೆ. ಇಂಡಿಯಾ ವಿಕ್ಸ್ ಸಂಖ್ಯೆಯನ್ನು ಇಲ್ಲಿ ಸುಮ್ನೆ ಹಾಕಬೇಡಿ. ಅದು 30 ದಿನದ ಅಂದಾಜು, ನಮಗೆ ಬೇಕಾದದ್ದು ಈ ವಾರದ್ದು.

25,000 ಸ್ಟ್ರೈಕಿನ ಕಾಲ್ ಮತ್ತು ಪುಟ್ ಬೆಲೆ ಕೂಡಿಸಿದರೆ ಸುಮಾರು 345 ಬರುತ್ತದೆ. ಹಲವರು ಇದನ್ನೇ ನಿರೀಕ್ಷಿತ ಚಲನೆ ಎನ್ನುತ್ತಾರೆ. ಆದರೆ ಅದು 433ರ ಸುಮಾರು 80% ಮಾತ್ರ. ಅಷ್ಟಕ್ಕೇ ಸ್ಟ್ರೈಕ್ ಇಟ್ಟರೆ ಒಳಗೆ ಉಳಿಯುವ ಸಾಧ್ಯತೆ 58%ರ ಆಸುಪಾಸಿಗೆ ಇಳಿಯುತ್ತದೆ. ಹೀಗೆ ಕೂಡಿಸಿದ ಸ್ಟ್ರಾಡಲ್ ಬೆಲೆಯಿಂದ ಲೆಕ್ಕ ಹಾಕುವವರು ಅದನ್ನು 1.25ರಿಂದ ಗುಣಿಸಿಕೊಳ್ಳಿ.

433ರ ಆಚೆ ಸಿಗುವ ಮೊದಲ ಸ್ಟ್ರೈಕ್‌ಗಳು 25,450 ಕಾಲ್ ಮತ್ತು 24,550 ಪುಟ್. ಇವನ್ನು ಮಾರುತ್ತೇವೆ. ಕಾಲ್‌ಗೆ 34, ಪುಟ್‌ಗೆ 46 ಸಿಗುತ್ತದೆ ಎನ್ನಿ. ದೂರ ಒಂದೇ ಆದರೂ ಪುಟ್ ದುಬಾರಿ, ಯಾಕೆಂದರೆ ಜೋರಾಗಿ ಬೀಳುವ ಭಯಕ್ಕೆ ಜನ ಜಾಸ್ತಿ ಕೊಡುತ್ತಾರೆ.

ಈಗ ಅಗಲ, ಅಂದರೆ ಮಾರುವ ಸ್ಟ್ರೈಕಿಗೂ ಅದರಾಚೆ ಕೊಳ್ಳುವ ಸ್ಟ್ರೈಕಿಗೂ ನಡುವಿನ ಅಂತರ. ಒಂದು ಲಾಟ್‌ಗೆ 65 ಎಂದು ಹಿಡಿಯೋಣ (ಇದು ಬದಲಾಗುತ್ತಿರುತ್ತದೆ, ಆರ್ಡರ್ ಹಾಕುವ ಮುಂಚೆ ನೋಡಿಕೊಳ್ಳಿ). ಈ ವಹಿವಾಟಿನಲ್ಲಿ 8,000 ರೂಪಾಯಿಗಿಂತ ಹೆಚ್ಚು ಹೋಗಬಾರದು ಎಂದು ಮೊದಲೇ ಬರೆದಿಟ್ಟುಕೊಂಡಿದ್ದೇವೆ.

200 ಅಂಕದ ಅಗಲ ಇಟ್ಟರೆ 25,650 ಕಾಲ್ 13ಕ್ಕೆ, 24,350 ಪುಟ್ 26ಕ್ಕೆ ಸಿಗುತ್ತವೆ. ಕೈಗೆ 41 ಅಂಕ ಉಳಿಯುತ್ತದೆ. ಗರಿಷ್ಠ ನಷ್ಟ 200ರಲ್ಲಿ 41 ಕಳೆದು 159, ಅಂದರೆ 10,335 ರೂಪಾಯಿ. ಮಿತಿ ಮೀರಿತು, ಬೇಡ.

150 ಅಗಲ ಇಟ್ಟರೆ 25,600 ಕಾಲ್ 17ಕ್ಕೆ, 24,400 ಪುಟ್ 30ಕ್ಕೆ. ಉಳಿಯುವುದು 33 ಅಂಕ, 2,145 ರೂಪಾಯಿ. ಗರಿಷ್ಠ ನಷ್ಟ 117 ಅಂಕ, 7,605 ರೂಪಾಯಿ. ಖರ್ಚು ಸೇರಿಸಿದರೂ ಮಿತಿಯೊಳಗಿದೆ. ನಿಫ್ಟಿ ಏಕಕಾಲಕ್ಕೆ ಎರಡೂ ಕಡೆ ಮುಗಿಯಲಾರದು, ಹಾಗಾಗಿ ನಷ್ಟ ಒಂದೇ ಕಡೆಯದು. 24,517 ಮತ್ತು 25,483ರ ನಡುವೆ ಮುಗಿದರೆ ಖರ್ಚಿಗೆ ಮುಂಚಿನ ಲೆಕ್ಕದಲ್ಲಿ ಲಾಭ.

ಸೋತಾಗಲೆಲ್ಲ ಪೂರ್ತಿ ಸೋಲುತ್ತೇವೆ ಎಂದುಕೊಂಡರೆ, ಸರಿದೂಗಲು 100ಕ್ಕೆ 78 ಸಲ ಗೆಲ್ಲಬೇಕು. ನಮ್ಮ ಸ್ಟ್ರೈಕ್‌ಗಳೊಳಗೆ ಉಳಿಯುವ ಅಂದಾಜು ಸುಮಾರು 70. ಕೆಲವು ಸೋಲು ಅರ್ಧದಲ್ಲೇ ನಿಲ್ಲುವುದರಿಂದ ಅಂತರ ಕಡಿಮೆಯಾಗುತ್ತದೆ, ಆದರೆ ಪುಕ್ಕಟೆ ಲಾಭ ಇದರಲ್ಲಿಲ್ಲ. ನಿಜವಾದ ಚಲನೆ ಐವಿ ಹೇಳಿದ್ದಕ್ಕಿಂತ ಕಡಿಮೆ ಇದ್ದ ವಾರಗಳು ಹೆಚ್ಚಾದರೆ ಮಾತ್ರ ದುಡ್ಡು. ಖರ್ಚೂ ಇದೆ: ಆರ್ಡರ್‌ಗೆ 20 ರೂಪಾಯಿಯಂತೆ ಹೋಗುವಾಗ ನಾಲ್ಕು, ಬರುವಾಗ ನಾಲ್ಕು, ಬ್ರೋಕರೇಜೇ 160. ತೆರಿಗೆ ಬೇರೆ.

ಇನ್ನೊಂದು ವಿಷಯ ತಿಳಿದಿರಲಿ. ಆ 68% ಮುಕ್ತಾಯದ ಕ್ಷಣದ ಲೆಕ್ಕ. ವಾರದ ನಡುವೆ ನಿಫ್ಟಿ ನಾವು ಮಾರಿದ ಸ್ಟ್ರೈಕನ್ನು ಮುಟ್ಟುವ ಸಾಧ್ಯತೆ, ಅದರಾಚೆ ಮುಗಿಯುವ ಸಾಧ್ಯತೆಯ ಹತ್ತಿರ ಹತ್ತಿರ ಎರಡರಷ್ಟು. ಆದ್ದರಿಂದ ಗುರುವಾರ 25,450 ಮುಟ್ಟಿತು ಎಂದ ಮಾತ್ರಕ್ಕೆ ಲೆಕ್ಕ ತಪ್ಪಿದೆ ಎಂದಲ್ಲ.

ನಿಫ್ಟಿ ಆಪ್ಷನ್ ನಗದಿನಲ್ಲೇ ಚುಕ್ತಾ ಆಗುತ್ತದೆ, ಮುಕ್ತಾಯಕ್ಕೆ ಮುಂಚೆ ಎದುರಿನವರು ಎಕ್ಸರ್‌ಸೈಸ್ ಮಾಡುವಂತಿಲ್ಲ. ಹಾಗಾಗಿ ನಾಲ್ಕೂ ಆಪ್ಷನ್ ಜೊತೆಗಿರುವ ತನಕ 117 ಅಂಕದ ಮಿತಿ ಗಟ್ಟಿ. ಅದು ಒಡೆಯುವುದು ನಮ್ಮ ಕೈಯಿಂದಲೇ. ಭಯಬಿದ್ದು, ನಾವು ಕೊಂಡಿದ್ದ ಕಾಲ್ ಅನ್ನು "ಲಾಭದಲ್ಲಿದೆ" ಎಂದು ಮೊದಲು ಮಾರಿದರೆ, ಮಾರಿದ ಕಾಲ್ ಬೆತ್ತಲಾಗಿ ನಿಲ್ಲುತ್ತದೆ. ಮಾರ್ಜಿನ್ ಒಮ್ಮೆಲೇ ಏರುತ್ತದೆ, ನಷ್ಟಕ್ಕೆ ಮೇಲಿನ ಮಿತಿಯೇ ಇರುವುದಿಲ್ಲ. ಒಳಗೆ ಹೋಗುವಾಗ ಮೊದಲು 25,600 ಕಾಲ್, 24,400 ಪುಟ್ ಕೊಳ್ಳಿ, ಆಮೇಲೆ ಮಾರಿ. ಹೊರಬರುವಾಗ ಮೊದಲು 25,450 ಮತ್ತು 24,550 ವಾಪಸ್ ಕೊಳ್ಳಿ, ಉಳಿದೆರಡನ್ನು ಆಮೇಲೆ ಮಾರಿ.